ಡಿಪೋ ಇಂಜೆಕ್ಷನ್ ಬದಲಿಸೋದು ಒಂದೇ ದಿನದ ಕೆಲಸ ಅಲ್ಲ

(1/5)

ಹೋದ ವಾರ ಊರಿನ ಒಬ್ಬ ಅಣ್ಣ ಫೋನ್ ಮಾಡಿದ್ರು. ಹೆಸರು ಬೇಡ. ಅವರ ಮಗನಿಗೆ ನಾಲ್ಕು ವರ್ಷದಿಂದ ತಾಲೂಕು ಆಸ್ಪತ್ರೆಯಲ್ಲಿ ಎರಡು ವಾರಕ್ಕೊಂದು ಇಂಜೆಕ್ಷನ್ ಕೊಡ್ತಾ ಇದ್ದಾರೆ. ಹುಡುಗ ಈಗ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾನೆ, ಮನೆಯಲ್ಲಿ ಎಲ್ಲರ ಜೊತೆ ಕೂತು ಊಟ ಮಾಡ್ತಾನೆ. ಅಣ್ಣನ ಪ್ರಶ್ನೆ ಇಷ್ಟೇ: "ನೋಡವ್ವ, ನಿಮ್ಮ ಲಂಡನ್ ಕಡೆ ಆರು ತಿಂಗಳಿಗೆ ಒಂದೇ ಇಂಜೆಕ್ಷನ್ ಬಂದಿದೆಯಂತೆ. ದುಡ್ಡು ಎಷ್ಟಾದ್ರೂ ಆಗ್ಲಿ, ಅದಕ್ಕೇ ಬದಲಾಯಿಸಿಬಿಡೋಣ ಅಂತಿದ್ದೀನಿ. ಏನಂತೀಯ?"

ಬೇಡ ಅಂದೆ. ಅವರಿಗೆ ಬೇಜಾರಾಯ್ತು. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳೋಕೆ ಆಗದೇ ಇದ್ದದ್ದನ್ನ ಇಲ್ಲಿ ಬರೀತಾ ಇದ್ದೀನಿ. ನನ್ನ ಜೊತೆ ನರ್ಸಿಂಗ್ ಓದಿ ಈಗ ಊರಲ್ಲೇ ಸ್ಟಾಫ್ ನರ್ಸ್ ಆಗಿರೋ ಗೆಳತಿಯೊಬ್ಬಳು "ಎಲ್ಲಾ ಡಿಪೋಗಳನ್ನೂ ಒಂದೇ ಕಡೆ ಹೋಲಿಸಿ ಒಂದು ಪಟ್ಟಿ ಕೊಡೇ, ಇಂಜೆಕ್ಷನ್ ರೂಮಿನ ಗೋಡೆಗೆ ಅಂಟಿಸ್ತೀನಿ" ಅಂತ ಬಹಳ ದಿನದಿಂದ ಕೇಳ್ತಾ ಇದ್ದಾಳೆ. ಅದೂ ಈ ಸಲ ಇದೆ, ನಾಲ್ಕನೇ ಭಾಗದಲ್ಲಿ.

ಹೊಸದಾಗಿ ಓದ್ತಾ ಇರೋರಿಗೆ ಒಂದು ಮಾತು. ನಾನು ಇಲ್ಲಿ ಬ್ರಿಟನ್ನಿನಲ್ಲಿ ಮಾನಸಿಕ ಆರೋಗ್ಯದ ಸಮುದಾಯ ನರ್ಸ್. ವಾರಕ್ಕೆರಡು ದಿನ ಡಿಪೋ ಕ್ಲಿನಿಕ್ ನನ್ನದು. ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇರೋರಿಗೆ ದಿನಾ ಮಾತ್ರೆ ನುಂಗೋ ಬದಲು ಮಾಂಸಖಂಡಕ್ಕೆ ಕೊಡೋ ಇಂಜೆಕ್ಷನ್ನೇ ಡಿಪೋ. ಔಷಧ ಅಲ್ಲೇ ಕೂತು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿ ತುಂಬಿಟ್ಟು ವರ್ಷವಿಡೀ ತೆಗೆದು ತಿನ್ನೋ ಹಾಗೆ. ಒಂದೇ ವ್ಯತ್ಯಾಸ, ಈ ಜಾಡಿ ಒಳಗೆ ಹೋದ ಮೇಲೆ ವಾಪಸ್ ತೆಗೆಯೋಕೆ ಬರಲ್ಲ.

ನಾನು ಇವತ್ತು ಹೇಳಬೇಕು ಅಂತಿರೋದು ಪೂರ್ತಿ ಆ ಕೊನೆಯ ಮಾತಿನ ಮೇಲೇ ನಿಂತಿದೆ.

(2/5)

ಮೊದಲು ಆಯ್ಕೆಯ ವಿಷಯ. ಜನ ಕೇಳೋದು "ಯಾವುದು ಒಳ್ಳೇದು?" ಅಂತ. ಕಾಯಿಲೆ ಮರುಕಳಿಸದ ಹಾಗೆ ತಡೆಯೋದರಲ್ಲಿ ಹಳೇ ಇಂಜೆಕ್ಷನ್ನಿಗೂ ಹೊಸದಕ್ಕೂ ಇರೋ ವ್ಯತ್ಯಾಸ ನಾವು ಅಂದುಕೊಂಡಷ್ಟಿಲ್ಲ. 2014ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. 311 ಜನರಲ್ಲಿ ಕೆಲವರಿಗೆ ಹಳೆಯ ಹ್ಯಾಲೋಪೆರಿಡಾಲ್ ಡೆಕನೋಯೇಟ್, ಉಳಿದವರಿಗೆ ಹೊಸ, ಬಹಳ ದುಬಾರಿಯಾದ ಪ್ಯಾಲಿಪೆರಿಡೋನ್ ಕೊಟ್ಟು ಎರಡು ವರ್ಷದವರೆಗೂ ನೋಡಿದ್ರು. ಚಿಕಿತ್ಸೆ ವಿಫಲವಾದವರ ಪ್ರಮಾಣದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. ಎದ್ದು ಕಂಡ ವ್ಯತ್ಯಾಸ ಅಡ್ಡಪರಿಣಾಮದ್ದು. ಹೊಸದರಲ್ಲಿ ತೂಕ ಮತ್ತು ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಜಾಸ್ತಿ ಏರಿತು, ಹಳೇದರಲ್ಲಿ ಚಡಪಡಿಕೆ ಜಾಸ್ತಿ.

ಹಾಗಾಗಿ ಕ್ಲಿನಿಕ್ಕಿನಲ್ಲಿ ನಾನು ಕೇಳೋ ಪ್ರಶ್ನೆ ಬೇರೆ: "ಈ ಮನುಷ್ಯ ಯಾವ ತೊಂದರೆ ಜೊತೆ ಬದುಕೋಕೆ ಆಗಲ್ಲ?" ಲಾರಿ ಓಡಿಸೋನಿಗೆ ಮಂಪರು ಬೇಡ. ಆಗಲೇ ಸಕ್ಕರೆ ಕಾಯಿಲೆ ಇರೋರಿಗೆ ತೂಕ ಏರಿಸೋ ಓಲಾಂಜಪಿನ್ ಬೇಡ. ಮಗು ಬೇಕು ಅನ್ನೋ ಹೆಣ್ಣುಮಗಳಿಗೆ ಮುಟ್ಟು ನಿಲ್ಲಿಸೋದು ಬೇಡ. ಕೈ ನಡುಗಿದ್ರೆ ಕೆಲಸ ಹೋಗೋ ದರ್ಜಿಗೆ ಬಿಗಿತ, ನಡುಕ ತರೋದು ಬೇಡ. ಈ ಉತ್ತರ ರೋಗಿಯ ಬಾಯಿಂದಲೇ ಬರಬೇಕು. ಡಾಕ್ಟರಾಗಲಿ ಅಪ್ಪನಾಗಲಿ ಅವರ ಪರವಾಗಿ ಉತ್ತರ ಕೊಟ್ರೆ ಆರು ತಿಂಗಳಲ್ಲಿ ಆ ರೋಗಿ ಕ್ಲಿನಿಕ್ಕಿಗೆ ಬರೋದನ್ನೇ ನಿಲ್ಲಿಸ್ತಾರೆ. ಎಷ್ಟೋ ಸಲ ನೋಡಿದ್ದೀನಿ.

ಈಗ ಆರು ತಿಂಗಳ ಇಂಜೆಕ್ಷನ್ ವಿಷಯ. ಅದು ಪ್ಯಾಲಿಪೆರಿಡೋನೇ, ದೊಡ್ಡ ಜಾಡಿಯಲ್ಲಿ. ಮೊದಲು ತಿಂಗಳ ಇಂಜೆಕ್ಷನ್ ಕನಿಷ್ಠ ನಾಲ್ಕು ತಿಂಗಳು ತಗೊಂಡು, ಒಗ್ಗಿದೆ ಅಂತ ಗೊತ್ತಾದವರಿಗೆ ಮಾತ್ರ ಕೊಡೋದು. ಅದರ ಅರ್ಧ ಭಾಗ ದೇಹದಿಂದ ಇಳಿಯೋಕೇ ಸುಮಾರು ಐದು ತಿಂಗಳು ಬೇಕು. ಒಗ್ಗಿದವರಿಗೆ ಅದು ದೊಡ್ಡ ಅನುಕೂಲ, ಒಪ್ಪುತ್ತೀನಿ. ಒಗ್ಗದಿದ್ರೆ ಅಷ್ಟು ಕಾಲವೂ ಆ ತೊಂದರೆ ಜೊತೆಗೇ ಇರಬೇಕು. ಎರಡು ವಾರದ ಫ್ಲೂಫೆನಜಿನ್ ಮೇಲಿರೋ ಹುಡುಗನನ್ನ ನೇರವಾಗಿ ಅಲ್ಲಿಗೆ ಹಾರಿಸೋಕೆ ಬರೋದಿಲ್ಲ. ಅಣ್ಣನಿಗೆ ಹೇಳಿದ ಮೊದಲ ಕಾರಣ ಇದು.

(3/5)

ಬದಲಾವಣೆಗೆ ನಿಜವಾದ ಕಾರಣ ಇದ್ದಾಗ ಅದು ಹೇಗೆ ನಡೆಯುತ್ತೆ ಅನ್ನೋದಕ್ಕೆ ಒಬ್ಬ ಹೆಣ್ಣುಮಗಳ ಕಥೆ ಹೇಳ್ತೀನಿ. ಗುರುತು ಸಿಗದ ಹಾಗೆ ವಿವರಗಳನ್ನ ಬದಲಿಸಿದ್ದೀನಿ.

ವಯಸ್ಸು 33. ತಿಂಗಳಿಗೊಮ್ಮೆ 100 ಮಿ.ಗ್ರಾಂ ಪ್ಯಾಲಿಪೆರಿಡೋನ್. ಕಾಯಿಲೆ ಪೂರ್ತಿ ಹತೋಟಿಯಲ್ಲಿತ್ತು. ಒಂದು ದಿನ ತೋಳಿಗೆ ಇಂಜೆಕ್ಷನ್ ಕೊಟ್ಟು ಹತ್ತಿ ಒತ್ತಿ ಹಿಡಿದಿದ್ದೆ, ಮೆಲ್ಲಗೆ ಹೇಳಿದಳು: "ಎಂಟು ತಿಂಗಳಿಂದ ಮುಟ್ಟಾಗಿಲ್ಲ. ನಾನೂ ಗಂಡನೂ ಮಗು ಬೇಕು ಅಂತಿದ್ದೀವಿ." ಎಂಟು ತಿಂಗಳು ನಾನೇ ಇಂಜೆಕ್ಷನ್ ಕೊಟ್ಟಿದ್ದೆ. ತೂಕ ಬರೆದಿದ್ದೆ, ಬಿಪಿ ಬರೆದಿದ್ದೆ, ಮುಟ್ಟಿನ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ. ಆ ತಪ್ಪು ನನ್ನದೇ. ಅವತ್ತಿನಿಂದ ಯಾವ ಹೆಣ್ಣುಮಗಳಿಗೂ ಅದನ್ನ ಕೇಳದೆ ಕಳಿಸಿಲ್ಲ. ಗಂಡಸರಿಗೂ ಪ್ರೊಲ್ಯಾಕ್ಟಿನ್ ಏರುತ್ತೆ. ಆಸಕ್ತಿ ಕಡಿಮೆಯಾಗುತ್ತೆ, ಎದೆ ಊದಿಕೊಳ್ಳುತ್ತೆ. ಅವರು ತಾವಾಗೇ ಹೇಳೋದಂತೂ ಇಲ್ಲವೇ ಇಲ್ಲ.

ಮೊದಲು ಗರ್ಭ ಪರೀಕ್ಷೆ ಮಾಡಿದ್ವಿ. ಮುಟ್ಟು ನಿಂತಿದೆ ಅಂದ ಕೂಡಲೇ ಔಷಧದ ಮೇಲೆ ಹಾಕಬಾರದು. ಗರ್ಭ ಇಲ್ಲ, ಥೈರಾಯ್ಡ್ ಸರಿ ಇದೆ. ಪ್ರೊಲ್ಯಾಕ್ಟಿನ್ ಇಲ್ಲಿನ ಅಳತೆಯಲ್ಲಿ 2,400, ಇರಬೇಕಾದ್ದು ಸುಮಾರು 500ರ ಒಳಗೆ. ನಮ್ಮೂರ ಲ್ಯಾಬುಗಳು ನ್ಯಾನೋಗ್ರಾಂನಲ್ಲಿ ಕೊಡ್ತಾರೆ, ಆ ಲೆಕ್ಕಕ್ಕೆ 113ರ ಹತ್ತಿರ. ಇಲ್ಲಿನ ಅಂಕಿಯನ್ನ 21ರಿಂದ ಭಾಗಿಸಿದ್ರೆ ಹೆಚ್ಚುಕಡಿಮೆ ಅಲ್ಲಿನ ಅಂಕಿ ಸಿಗುತ್ತೆ. ಎರಡನ್ನೂ ಕಲಸಿಬಿಟ್ರೆ ಸುಮ್ಮನೆ ಗಾಬರಿ.

ಡಾಕ್ಟರ್, ಅವಳು, ಗಂಡ, ನಾನು ಕೂತು ಮಾತಾಡಿದ್ವಿ. ಆರಿಸಿದ್ದು ಅರಿಪಿಪ್ರಜೋಲ್. ಅದು ಪ್ರೊಲ್ಯಾಕ್ಟಿನ್ ಏರಿಸೋದಿಲ್ಲ. ಇನ್ನೊಂದು ಔಷಧದಿಂದ ಏರಿರೋದನ್ನ ಸಾಮಾನ್ಯವಾಗಿ ಇಳಿಸುತ್ತೆ. ಲೆಕ್ಕ ಹೀಗಿತ್ತು.

ಪ್ಯಾಲಿಪೆರಿಡೋನ್ ಕೊನೆಯ ಇಂಜೆಕ್ಷನ್ ಮಾರ್ಚ್ 1ಕ್ಕೆ ಆಗಿತ್ತು. ಮುಂದಿನದು ಮಾರ್ಚ್ 29ಕ್ಕೆ ಬರಬೇಕು. ಮಧ್ಯದ ಎರಡು ವಾರದಲ್ಲಿ ಅರಿಪಿಪ್ರಜೋಲ್ ಮಾತ್ರೆ ಶುರು ಮಾಡಿದ್ವಿ, ಮೊದಲ ವಾರ 5 ಮಿ.ಗ್ರಾಂ, ಆಮೇಲೆ 10. ಈ ಹೆಜ್ಜೆಯನ್ನ ಯಾವತ್ತೂ ಬಿಡಬಾರದು. ಮಾತ್ರೆ ಒಗ್ಗದಿದ್ರೆ ನಾಳೆ ನಿಲ್ಲಿಸಬಹುದು, ಇಂಜೆಕ್ಷನ್ ನಿಲ್ಲಿಸೋಕೆ ಆಗಲ್ಲ. ಅವಳಿಗೆ ಒಗ್ಗಿತು. ಮಾರ್ಚ್ 29ಕ್ಕೆ, ಪ್ಯಾಲಿಪೆರಿಡೋನ್ ಬರಬೇಕಾದ ದಿನವೇ, 400 ಮಿ.ಗ್ರಾಂ ಅರಿಪಿಪ್ರಜೋಲ್ ಇಂಜೆಕ್ಷನ್. ಅದು ರಕ್ತದಲ್ಲಿ ಸಾಕಷ್ಟು ತುಂಬಿಕೊಳ್ಳೋವರೆಗೆ 14 ದಿನ ಮಾತ್ರೆ ಮುಂದುವರಿಕೆ, ಅಂದ್ರೆ ಏಪ್ರಿಲ್ 12ರವರೆಗೆ. ಮುಂದಿನ ಇಂಜೆಕ್ಷನ್ನುಗಳು ಏಪ್ರಿಲ್ 26, ಮೇ 24, ಜೂನ್ 21. ಎರಡು ಇಂಜೆಕ್ಷನ್ ನಡುವೆ 26 ದಿನಕ್ಕಿಂತ ಕಡಿಮೆ ಅಂತರ ಇರಬಾರದು.

ಏಪ್ರಿಲ್ 6ಕ್ಕೆ ಗಂಡ ಫೋನ್ ಮಾಡಿದ. "ಮತ್ತೆ ಶುರುವಾಗಿದೆ ಸಿಸ್ಟರ್. ರಾತ್ರಿ ಎರಡು ಗಂಟೆಗೆ ಹಾಲ್‌ನಲ್ಲಿ ಓಡಾಡ್ತಾಳೆ, ಕೂರಲ್ಲ, ಮಲಗಲ್ಲ." ಇಲ್ಲಿ ಎಷ್ಟೋ ಕಡೆ ತಪ್ಪಾಗುತ್ತೆ. ಕಾಯಿಲೆ ಮರುಕಳಿಸಿದೆ ಅಂದುಕೊಂಡು ಡೋಸ್ ಏರಿಸ್ತಾರೆ, ಚಡಪಡಿಕೆ ಇನ್ನೂ ಹೆಚ್ಚುತ್ತೆ. ನಾನು ಮನೆಗೆ ಹೋಗಿ ಕೂತೆ. ಅವಳು ನನ್ನೆದುರು ಕೂತಳು, ಎದ್ದಳು, ಮತ್ತೆ ಕೂತಳು, ಕಾಲು ಬದಲಿಸ್ತಾನೇ ಇದ್ದಳು. ಧ್ವನಿ ಕೇಳಿಸ್ತಿದೆಯಾ ಅಂದೆ, ಇಲ್ಲ. ಯಾರ ಮೇಲಾದ್ರೂ ಅನುಮಾನವಾ, ಇಲ್ಲ. ಮತ್ತೇನಾಗ್ತಿದೆ ಅಂದ್ರೆ, "ಕಾಲೊಳಗೆ ಇರುವೆ ಹರಿದ ಹಾಗಿದೆ, ನಡೆದ್ರೆ ಮಾತ್ರ ಸಮಾಧಾನ" ಅಂದಳು. ಸಂಕಟ ಇರೋದು ಯೋಚನೆಯಲ್ಲಲ್ಲ, ಕಾಲಿನಲ್ಲಿ. ಇದಕ್ಕೆ ಅಕಥೀಸಿಯಾ ಅಂತಾರೆ. ಔಷಧದಿಂದ ಬರೋ ಚಡಪಡಿಕೆ. ಸಣ್ಣದು ಅಂತ ತಳ್ಳಿಹಾಕೋ ಹಾಗಿಲ್ಲ, ಇದು ತಡೆಯಲಾಗದೆ ಪ್ರಾಣ ಕಳೆದುಕೊಳ್ಳೋ ಯೋಚನೆಗೆ ಹೋಗೋರಿದ್ದಾರೆ. ಆ ಪ್ರಶ್ನೆಯನ್ನೂ ನೇರವಾಗಿ ಕೇಳಿದೆ. ಅಂಥ ಯೋಚನೆ ಇಲ್ಲ ಅಂದಳು.

ಡಾಕ್ಟರ್ ಮಾತ್ರೆಯನ್ನ 10ರಿಂದ 5ಕ್ಕೆ ಇಳಿಸಿದ್ರು. ಹಳೆಯ ಪ್ಯಾಲಿಪೆರಿಡೋನ್ ಇನ್ನೂ ಸಾಕಷ್ಟು ದೇಹದಲ್ಲಿತ್ತು, ಹಾಗಾಗಿ ಅಷ್ಟು ಇಳಿಸೋಕೆ ಜಾಗ ಇತ್ತು. ಉಬ್ಬಸ ಇಲ್ಲ ಅಂತ ಖಚಿತ ಮಾಡಿಕೊಂಡು ಪ್ರೊಪ್ರಾನೊಲಾಲ್ 10 ಮಿ.ಗ್ರಾಂ ದಿನಕ್ಕೆ ಮೂರು ಸಲ ಬರೆದ್ರು. ಹತ್ತು ದಿನದಲ್ಲಿ ನಿದ್ದೆ ಸರಿಹೋಯ್ತು.

ಮೇ ಕೊನೆಗೆ ಮುಟ್ಟಾಯ್ತು. ಕ್ಲಿನಿಕ್ಕಿಗೆ ಬಂದು ಕುಣಿದಾಡೋದೊಂದು ಬಾಕಿ. ನಮ್ಮ ತಂಡದಲ್ಲಿ "ಬದಲಾವಣೆ ಯಶಸ್ವಿ, ಇನ್ನು ತಿಂಗಳಿಗೊಮ್ಮೆ ನೋಡಿದ್ರೆ ಸಾಕು" ಅಂತ ಮಾತು ಬಂತು. ನಾನು ಒಪ್ಪಲಿಲ್ಲ. ಕಾರಣ ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಪ್ಯಾಲಿಪೆರಿಡೋನ್ ಅರ್ಧ ಇಳಿಯೋಕೆ 25ರಿಂದ 49 ದಿನ ಬೇಕು. ನಡುವಿನ 35 ದಿನ ಅಂತ ಹಿಡಿಯೋಣ. ಮಾರ್ಚ್ 29ಕ್ಕೆ 100 ಭಾಗ ಇತ್ತು ಅಂದ್ರೆ ಮೇ 3ಕ್ಕೆ 50, ಜೂನ್ 7ಕ್ಕೆ 25, ಜುಲೈ 12ಕ್ಕೆ 12. ಅಂದ್ರೆ ಏಪ್ರಿಲ್, ಮೇ ಎರಡೂ ತಿಂಗಳು ಅವಳು ಎರಡು ಔಷಧದ ಆಸರೆಯಲ್ಲಿದ್ದಳು. ಹೊಸದು ಒಂಟಿಯಾಗಿ ಅವಳನ್ನ ಹಿಡಿದು ನಿಲ್ಲಿಸುತ್ತಾ ಅನ್ನೋ ಪರೀಕ್ಷೆ ಜೂನ್, ಜುಲೈಗೆ.

ಆಗಿದ್ದೂ ಹಾಗೆಯೇ. ಜೂನ್ ಕೊನೆಯ ವಾರ ನಿದ್ದೆ ನಾಲ್ಕು ಗಂಟೆಗೆ ಇಳಿಯಿತು. ಮೇಲಿನ ಮನೆಯವರು ಬೇಕಂತಲೇ ಕುರ್ಚಿ ಎಳೀತಾರೆ ಅಂದಳು. ಕಾಲಿನ ಚಡಪಡಿಕೆ ಈ ಸಲ ಇರಲಿಲ್ಲ. ಏಪ್ರಿಲ್‌ನಲ್ಲಿ ಓಡಾಟ ಇತ್ತು, ಅನುಮಾನ ಇರಲಿಲ್ಲ. ಜೂನ್‌ನಲ್ಲಿ ಅನುಮಾನ ಇತ್ತು, ಓಡಾಟ ಇರಲಿಲ್ಲ. ಎರಡಕ್ಕೂ ಮದ್ದು ಪೂರ್ತಿ ಉಲ್ಟಾ. ಮೊದಲನೆಯದಕ್ಕೆ ಔಷಧ ಇಳಿಸಿದ್ವಿ, ಎರಡನೆಯದಕ್ಕೆ ಮಾತ್ರೆ 10 ಮಿ.ಗ್ರಾಂ ಆರು ವಾರ ಸೇರಿಸಿದ್ವಿ. ವಾರಕ್ಕೊಮ್ಮೆ ಹೋಗಿ ನೋಡ್ತಾ ಇದ್ದದ್ದರಿಂದ ಕುರ್ಚಿಯ ಮಾತು ಮೊದಲ ವಾರದಲ್ಲೇ ನನ್ನ ಕಿವಿಗೆ ಬಿತ್ತು. ತಿಂಗಳಿಗೊಮ್ಮೆ ಅಂತ ಬಿಟ್ಟಿದ್ರೆ ಆಸ್ಪತ್ರೆ ವಾರ್ಡಿನಲ್ಲಿ ನೋಡ್ತಾ ಇದ್ದೆವೇನೋ. ಆಗಸ್ಟ್‌ಗೆ ತಿಳಿಯಾದಳು. ಪ್ರೊಲ್ಯಾಕ್ಟಿನ್ 210.

ಇನ್ನೊಂದು ವಿಷಯ ಗಂಡನ ಮುಂದೆಯೇ ಹೇಳಿದ್ವಿ. ಪ್ರೊಲ್ಯಾಕ್ಟಿನ್ ಇಳಿದಾಗ ಮುಟ್ಟು ಕಾಣಿಸೋ ಮೊದಲೇ ಗರ್ಭ ನಿಲ್ಲಬಹುದು. ಹಾಗಾಗಿ ಕಾಯಿಲೆ ತಿಳಿಯಾಗೋವರೆಗೂ ಎಚ್ಚರಿಕೆ ಬೇಕು, ಮಗುವಿನ ಯೋಜನೆ ಆಮೇಲೆ. ಇದನ್ನ ಹೇಳದೆ ಔಷಧ ಬದಲಿಸೋದು ಅರ್ಧ ಕೆಲಸ.

(4/5)

ಗೆಳತಿ ಕೇಳಿದ ಪಟ್ಟಿ ಇಲ್ಲಿದೆ. ಇದು ನರ್ಸ್‌ಗಳಿಗೆ ನೆನಪಿನ ಹಾಳೆ. ಡೋಸ್ ತೀರ್ಮಾನ ಡಾಕ್ಟರದ್ದು, ಬಾಟಲಿ ಜೊತೆ ಬರೋ ಹಾಳೆಯೇ ಕೊನೆಯ ಮಾತು. ಮನೆಯವರು ಇದನ್ನ ನೋಡಿ ತಾವೇ ಏನನ್ನೂ ಬದಲಿಸಬೇಡಿ. ಮೊದಲ ನಾಲ್ಕು ಹಳೆಯವು, ಎಣ್ಣೆಯಲ್ಲಿ ಕರಗಿಸಿದವು. ಎಣ್ಣೆ ಯಾವುದು ಅಂತ ಬರೆದಿರೋದಕ್ಕೆ ಕಾರಣ ಇದೆ: ಎಳ್ಳು ಆಗದವರಿಗೆ ಎಳ್ಳೆಣ್ಣೆಯ ಡಿಪೋ ಕೊಡಬಾರದು.

| ಇಂಜೆಕ್ಷನ್ | ಎಷ್ಟು ಸಮಯಕ್ಕೆ | ಶುರು ಮಾಡೋ ಬಗೆ | ಕಣ್ಣಿಡಬೇಕಾದ್ದು |
|---|---|---|---|
| ಫ್ಲೂಫೆನಜಿನ್ ಡೆಕನೋಯೇಟ್ (ಎಳ್ಳೆಣ್ಣೆ) | 2–5 ವಾರ | ಮೊದಲು 12.5 ಮಿ.ಗ್ರಾಂ ಪರೀಕ್ಷಾ ಡೋಸ್, 4–7 ದಿನ ನೋಡಿ ಮುಂದಿನದು | ಮೊದಲ ದಿನಗಳಲ್ಲೇ ಬಿಗಿತ, ನಡುಕ, ಕತ್ತು ತಿರುಚೋದು |
| ಹ್ಯಾಲೋಪೆರಿಡಾಲ್ ಡೆಕನೋಯೇಟ್ (ಎಳ್ಳೆಣ್ಣೆ) | 4 ವಾರ | ಮಾತ್ರೆ ಒಗ್ಗಿದ ಮೇಲೆ. ದಿನದ ಮಾತ್ರೆ ಡೋಸಿನ 10–15 ಪಟ್ಟು | ಬಿಗಿತ, ಚಡಪಡಿಕೆ, ಇಸಿಜಿ |
| ಫ್ಲುಪೆಂಟಿಕ್ಸಾಲ್ ಡೆಕನೋಯೇಟ್ (ಕೊಬ್ಬರಿ ಎಣ್ಣೆ) | 2–4 ವಾರ | 20 ಮಿ.ಗ್ರಾಂ ಪರೀಕ್ಷಾ ಡೋಸ್, ಕನಿಷ್ಠ ಒಂದು ವಾರ ಬಿಟ್ಟು ಮುಂದಿನದು | ಬಿಗಿತ, ಚಡಪಡಿಕೆ |
| ಜುಕ್ಲೋಪೆಂಥಿಕ್ಸಾಲ್ ಡೆಕನೋಯೇಟ್ (ಕೊಬ್ಬರಿ ಎಣ್ಣೆ) | 1–4 ವಾರ | 100 ಮಿ.ಗ್ರಾಂ ಪರೀಕ್ಷಾ ಡೋಸ್, ಕನಿಷ್ಠ ಒಂದು ವಾರ ಬಿಟ್ಟು ಮುಂದಿನದು | ಮಂಪರು, ಬಿಗಿತ. ಇದೇ ಹೆಸರಿನ 'ಅಸಿಟೇಟ್' ಎರಡು ಮೂರು ದಿನದ್ದು, ಬೇರೆ ಔಷಧ. ಲೇಬಲ್ ಎರಡು ಸಲ ಓದಿ |
| ರಿಸ್ಪೆರಿಡೋನ್ (ಎರಡು ವಾರದ್ದು) | 2 ವಾರ | ಮೊದಲ 3 ವಾರ ಮಾತ್ರೆ ಜೊತೆಗಿರಲೇಬೇಕು, ಔಷಧ ಬಿಡುಗಡೆಯಾಗೋದೇ ಆಮೇಲೆ | ಪ್ರೊಲ್ಯಾಕ್ಟಿನ್, ತೂಕ, ಫ್ರಿಜ್‌ನಲ್ಲಿಡಬೇಕು |
| ಪ್ಯಾಲಿಪೆರಿಡೋನ್ (ತಿಂಗಳದ್ದು) | ತಿಂಗಳಿಗೊಮ್ಮೆ | ಮಾತ್ರೆಯಿಂದ ಬಂದವರಿಗೆ ಮೊದಲ ದಿನ 150, 8ನೇ ದಿನ 100 ಮಿ.ಗ್ರಾಂ, ಎರಡೂ ತೋಳಿಗೆ | ಪ್ರೊಲ್ಯಾಕ್ಟಿನ್, ತೂಕ. ಮೊದಲೇ ಕಿಡ್ನಿ ಪರೀಕ್ಷೆ |
| ಪ್ಯಾಲಿಪೆರಿಡೋನ್ (3 ಮತ್ತು 6 ತಿಂಗಳದ್ದು) | 3 ಅಥವಾ 6 ತಿಂಗಳು | ತಿಂಗಳದ್ದು ಕನಿಷ್ಠ 4 ತಿಂಗಳು ಒಗ್ಗಿದ ಮೇಲೆ ಮಾತ್ರ | ತೊಂದರೆ ಬಂದ್ರೆ ತಿಂಗಳುಗಟ್ಟಲೆ ಇರುತ್ತೆ |
| ಅರಿಪಿಪ್ರಜೋಲ್ | ತಿಂಗಳಿಗೊಮ್ಮೆ | 400 ಮಿ.ಗ್ರಾಂ ಜೊತೆಗೆ 14 ದಿನ ಮಾತ್ರೆ | ಚಡಪಡಿಕೆ, ನಿದ್ದೆ. ಕಾರ್ಬಮಜೆಪಿನ್ ಜೊತೆ ಬೇಡ |
| ಓಲಾಂಜಪಿನ್ ಪಾಮೋಯೇಟ್ | 2 ಅಥವಾ 4 ವಾರ | ಮಾತ್ರೆ ಒಗ್ಗಿದ ಮೇಲೆ | ತೂಕ, ಸಕ್ಕರೆ. ಪ್ರತಿ ಸಲವೂ 3 ಗಂಟೆ ಆಸ್ಪತ್ರೆಯಲ್ಲೇ ಕೂರಿಸಿ ನೋಡಬೇಕು |

ಕೊನೆಯ ಸಾಲಿನ ಮೂರು ಗಂಟೆ ಯಾಕೆ ಅಂತ ಬಹಳ ಜನ ಕೇಳ್ತಾರೆ. ಅಪರೂಪಕ್ಕೆ ಆ ಔಷಧ ನಿಧಾನವಾಗಿ ಇಳಿಯೋ ಬದಲು ಒಮ್ಮೆಲೇ ರಕ್ತಕ್ಕೆ ಸೇರಿಬಿಡುತ್ತೆ. ರೋಗಿ ಕುಡಿದವರ ಹಾಗೆ ತೂರಾಡ್ತಾರೆ, ಪ್ರಜ್ಞೆ ತಪ್ಪಲೂಬಹುದು. ಐವತ್ತು ಸಲ ಏನೂ ಆಗಿಲ್ಲ ಅಂತ ಐವತ್ತೊಂದನೇ ಸಲ ಬೇಗ ಕಳಿಸೋ ಹಾಗಿಲ್ಲ. ನೋಡಿಕೊಳ್ಳೋಕೆ ಜಾಗ, ಜನ ಇಲ್ಲದ ಕ್ಲಿನಿಕ್ಕಿನಲ್ಲಿ ಅದನ್ನ ಶುರು ಮಾಡಲೇಬಾರದು ಅನ್ನೋದು ನನ್ನ ಅಭಿಪ್ರಾಯ.

ಬದಲಿಸೋವಾಗ ಪಟ್ಟಿಯನ್ನ ಹಾಗೇ ಅನುಸರಿಸಿದ್ರೆ ಒಂದು ಕಡೆ ಎಡವುತ್ತೀರಿ. ಪ್ಯಾಲಿಪೆರಿಡೋನ್ ಸಾಲಿನಲ್ಲಿ ವಾರದ ಅಂತರದಲ್ಲಿ ಎರಡು ದೊಡ್ಡ ಡೋಸ್ ಅಂತ ಬರೆದಿದ್ದೀನಲ್ಲ, ಅದು ದೇಹದಲ್ಲಿ ಡಿಪೋ ಇಲ್ಲದವರಿಗೆ. ಬೇರೆ ಡಿಪೋ ಮೇಲಿರೋರಿಗೆ ಹಳೆಯದು ಇನ್ನೂ ಒಳಗಿರುತ್ತೆ. ಅವರಿಗೆ ಮುಂದಿನ ಇಂಜೆಕ್ಷನ್ ಬರಬೇಕಾದ ದಿನ ಪ್ಯಾಲಿಪೆರಿಡೋನ್ ಕೊಟ್ಟು ಅಲ್ಲಿಂದ ತಿಂಗಳಿಗೊಮ್ಮೆ ಮುಂದುವರಿಸೋದು. ಎಂಟನೇ ದಿನದ ಡೋಸ್ ಅವರಿಗೆ ಬೇಕಾಗಿಲ್ಲ. ಅರಿಪಿಪ್ರಜೋಲ್‌ಗೆ ಮಾತ್ರ ಮೊದಲು ಮಾತ್ರೆ ಒಗ್ಗುತ್ತಾ ಅಂತ ನೋಡೋದನ್ನ ಬಿಡೋಹಾಗಿಲ್ಲ.

ಇನ್ನೊಂದು ಎಡವೋ ಜಾಗ, ಬಿಗಿತಕ್ಕೆ ಅಂತ ಕೊಡೋ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ. ನಮ್ಮೂರಲ್ಲಿ ಫ್ಲೂಫೆನಜಿನ್ ತಗೊಳ್ಳೋ ಬಹುಪಾಲು ಜನ ಇದನ್ನೂ ನುಂಗ್ತಾರೆ. ಹೊಸ ಇಂಜೆಕ್ಷನ್ ಬಂತಲ್ಲ ಅಂತ ಅದೇ ದಿನ ಇದನ್ನ ನಿಲ್ಲಿಸಿಬಿಡ್ತಾರೆ. ಬಿಗಿತ ತರೋ ಹಳೇ ಔಷಧ ಇನ್ನೂ ವಾರಗಟ್ಟಲೆ ದೇಹದಲ್ಲಿರುತ್ತೆ. ಒಂದು ವಾರಕ್ಕೆ ಕೈಕಾಲು ಮರಗಟ್ಟುತ್ತೆ, ಎಲ್ಲರೂ ಹೊಸ ಇಂಜೆಕ್ಷನ್ನನ್ನ ಬೈತಾರೆ. ಇಳಿಸೋದಾದ್ರೆ ಕೆಲವು ವಾರ ಬಿಟ್ಟು, ಸ್ವಲ್ಪ ಸ್ವಲ್ಪವಾಗಿ.

ಡೇಟ್ ತಪ್ಪಿದವರ ವಿಷಯವೂ ಇದೇ ಲೆಕ್ಕದ್ದು. ತಿಂಗಳ ಪ್ಯಾಲಿಪೆರಿಡೋನ್ ಸ್ಥಿರವಾಗಿ ತಗೊಳ್ತಿರೋರು ಕೊನೆಯ ಇಂಜೆಕ್ಷನ್ನಿಂದ ಆರು ವಾರದೊಳಗೆ ಬಂದ್ರೆ ಎಂದಿನ ಡೋಸ್ ಕೊಟ್ಟು ಮುಂದುವರಿಸಬಹುದು. ಆರು ವಾರ ದಾಟಿದ್ರೆ ಒಂದು ವಾರದ ಅಂತರದಲ್ಲಿ ಎರಡು ಇಂಜೆಕ್ಷನ್ ಬೇಕು. ಆರು ತಿಂಗಳು ದಾಟಿದ್ರೆ ಮೊದಲಿನಿಂದ ಶುರು. ಅರಿಪಿಪ್ರಜೋಲ್ ನಾಲ್ಕನೇ ಇಂಜೆಕ್ಷನ್ನಿಂದ ಮುಂದೆ ಆರು ವಾರದವರೆಗೆ ತಡೆಯುತ್ತೆ. ಎರಡನೇ, ಮೂರನೇ ಇಂಜೆಕ್ಷನ್ ಆದ್ರೆ ಐದೇ ವಾರ, ಯಾಕಂದ್ರೆ ಜಾಡಿ ಇನ್ನೂ ತುಂಬಿರೋದಿಲ್ಲ. ಆ ಗಡುವು ಮೀರಿದ್ರೆ ಇಂಜೆಕ್ಷನ್ ಜೊತೆ ಮತ್ತೆ 14 ದಿನ ಮಾತ್ರೆ. ಹಾಗಾಗಿ ತಡವಾಗಿ ಬಂದವರನ್ನ ನಾನು ಬೈಯೋದಿಲ್ಲ. ಮೊದಲು ಕೊನೆಯ ಡೇಟ್ ನೋಡಿ ವಾರ ಎಣಿಸ್ತೀನಿ. ಬೈದ್ರೆ ಮುಂದಿನ ಸಲ ಬರಲ್ಲ, ಎಣಿಸದೆ ಕೊಟ್ರೆ ಇಂಜೆಕ್ಷನ್ ಇದ್ದೂ ಇಲ್ಲದ ಹಾಗೆ.

(5/5)

ಈಗ ಅಣ್ಣನ ಮಗನ ಮಾತಿಗೆ ವಾಪಸ್ ಬರ್ತೀನಿ.

ಅವನು ತಗೊಳ್ತಿರೋದು ಫ್ಲೂಫೆನಜಿನ್ ಡೆಕನೋಯೇಟ್ 25 ಮಿ.ಗ್ರಾಂ. 1960ರ ದಶಕದ ಔಷಧ. ಬ್ರಿಟನ್ನಿನಲ್ಲಿ 2018ರಲ್ಲಿ ಅದರ ಮಾರಾಟ ನಿಂತುಹೋಯ್ತು. ಅದನ್ನ ತಗೊಳ್ತಿದ್ದವರನ್ನೆಲ್ಲ ಬೇರೆ ಡಿಪೋಗೆ ಬದಲಿಸಬೇಕಾಯ್ತು. ಇಪ್ಪತ್ತು ಮೂವತ್ತು ವರ್ಷ ಅದರಲ್ಲೇ ನೆಮ್ಮದಿಯಾಗಿದ್ದವರಿಗೂ ಬೇರೆ ದಾರಿ ಇರಲಿಲ್ಲ. ನಮ್ಮೂರಲ್ಲಿ ಆ ಔಷಧ ಸಿಗ್ತಾ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಕೊಡ್ತಾ ಇದ್ದಾರೆ. ಹಳೇದು ಅನ್ನೋದು ಬದಲಿಸೋಕೆ ಕಾರಣ ಅಲ್ಲ.

ಅಣ್ಣನಿಗೆ ನಾನು ವಾಪಸ್ ಕೇಳಿದ್ದು, "ಹುಡುಗ ಏನಂತಾನೆ?" ಅಂತ. ಅವರು ಕೇಳಿರಲಿಲ್ಲ. ಮಾರನೇ ದಿನ ಫೋನ್ ಅವನ ಕೈಗೇ ಕೊಟ್ರು. ಅವನು ಹೇಳಿದ್ದು ಆರು ತಿಂಗಳ ಮಾತಲ್ಲ. "ಅಕ್ಕ, ಇಂಜೆಕ್ಷನ್ ಆದ ಮೂರು ದಿನ ಕೈ ನಡುಗುತ್ತೆ. ಲೆಕ್ಕದ ಪುಸ್ತಕದಲ್ಲಿ ಅಕ್ಷರ ಕೆಟ್ಟು ಹೋಗುತ್ತೆ. ಮಂಡಿಯಲ್ಲಿ ಎಲ್ಲರೂ ನೋಡ್ತಾರೆ. ಆ ಮೂರು ದಿನ ರಜಾ ಹಾಕ್ತೀನಿ."

ಎರಡು ವಾರದಲ್ಲಿ ಮೂರು ದಿನ ರಜಾ. ಅವನ ನಿಜವಾದ ತೊಂದರೆ ಇದು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫ್ಲೂಫೆನಜಿನ್ ಕೊಟ್ಟ ಮೊದಲ ದಿನಗಳಲ್ಲಿ ರಕ್ತದಲ್ಲಿ ಒಮ್ಮೆ ಮೇಲೇರಿ ಆಮೇಲೆ ಇಳಿಯುತ್ತೆ, ಅವನ ಮೂರು ದಿನಕ್ಕೆ ಅದೇ ಕಾರಣ ಇರಬೇಕು. ಇದಕ್ಕೆ ಔಷಧ ಬದಲಿಸೋದು ಮೊದಲ ಹೆಜ್ಜೆ ಅಲ್ಲ. ಡೋಸ್ ಸ್ವಲ್ಪ ಇಳಿಸೋಕೆ ಆಗುತ್ತಾ, ಎರಡು ವಾರವನ್ನ ಮೂರು ವಾರಕ್ಕೆ ಒಯ್ಯೋಕೆ ಆಗುತ್ತಾ ಅಂತ ಅವನ ಡಾಕ್ಟರನ್ನ ಕೇಳಿ ಅಂದೆ. ಇಳಿಸಿದ್ರೂ ಅದರ ಪೂರ್ತಿ ಫಲ ಕಾಣೋಕೆ, ಕಾಯಿಲೆ ತಲೆ ಎತ್ತುತ್ತಾ ಅಂತ ತಿಳಿಯೋಕೆ ತಿಂಗಳುಗಳು ಬೇಕು. ಮೊದಲ ತಿಂಗಳು ಏನೂ ಆಗಲಿಲ್ಲ ಅಂತ ಮತ್ತೆ ಇಳಿಸಬೇಡಿ. ಒಂದು ಹೆಜ್ಜೆ, ಆಮೇಲೆ ಕಾಯೋದು.

ಹಾಗೆ ಮಾಡಿಯೂ ನಡುಕ ನಿಲ್ಲದಿದ್ರೆ ಆಗ ಬದಲಿಸೋ ಮಾತು. ಯಾವುದಕ್ಕೆ ಅನ್ನೋದನ್ನ ಡಾಕ್ಟರ್ ಮತ್ತು ಅವನು ತೀರ್ಮಾನ ಮಾಡ್ತಾರೆ. ತಿಂಗಳಿಗೊಂದು ದುಬಾರಿ ಇಂಜೆಕ್ಷನ್ ಅಂತಾದ್ರೆ ಅಣ್ಣ ಇನ್ನೊಂದು ಪ್ರಶ್ನೆಗೂ ಉತ್ತರ ಇಟ್ಟುಕೊಳ್ಳಬೇಕು: ಎರಡು ವರ್ಷ ಆದ ಮೇಲೂ ಈ ದುಡ್ಡು ಕೊಡೋಕೆ ಆಗುತ್ತಾ? ಅಡಿಕೆ ರೇಟು ಬಿದ್ದ ವರ್ಷವೂ? ಮಧ್ಯದಲ್ಲಿ ನಿಂತುಹೋಗೋ ಹೊಸ ಇಂಜೆಕ್ಷನ್ನಿಗಿಂತ ತಪ್ಪದೆ ಸಿಗೋ ಹಳೇ ಇಂಜೆಕ್ಷನ್ ಮೇಲು. ಇದು ನನ್ನ ಅಭಿಪ್ರಾಯ, ಒಪ್ಪದವರು ಕೆಳಗೆ ಬರೀರಿ.

ಡಿಪೋ ಬದಲಿಸ್ತಾ ಇರೋ ಮನೆಗಳಲ್ಲಿ ಒಂದು ಕ್ಯಾಲೆಂಡರ್ ಇಡಿ. ಹಳೇ ಇಂಜೆಕ್ಷನ್ನಿನ ಕೊನೆಯ ದಿನ, ಹೊಸದರ ಮೊದಲ ದಿನ ಬರೆದು, ಅಲ್ಲಿಂದ ಆರು ತಿಂಗಳವರೆಗೆ ವಾರಕ್ಕೊಮ್ಮೆ ಮೂರು ಸಾಲು: ಎಷ್ಟು ಗಂಟೆ ನಿದ್ದೆ, ಕೈಕಾಲು ಹೇಗಿದೆ, ಮನಸ್ಸಿನಲ್ಲಿ ಯಾರ ಮೇಲಾದ್ರೂ ಅನುಮಾನ ಇದೆಯಾ. ಬರೆಯೋದು ಅವರಿಗೆ ಕಾಣೋ ಹಾಗೆ ಇರಲಿ, ಸಾಧ್ಯವಾದ್ರೆ ಅವರೇ ಬರೀಲಿ. ಕದ್ದು ಬರೆದ್ರೆ ಅದೇ ಒಂದು ಅನುಮಾನ ಆಗುತ್ತೆ. ಡಾಕ್ಟರ್ ಹತ್ತಿರ ಐದು ನಿಮಿಷ ಸಿಕ್ಕಾಗ ಆ ಕ್ಯಾಲೆಂಡರ್ ತೋರಿಸಿ, ನೀವು ಬಾಯಲ್ಲಿ ಹೇಳೋ ಅರ್ಧ ಗಂಟೆಗಿಂತ ಅದು ಹೆಚ್ಚು ಹೇಳುತ್ತೆ.

ಹುಡುಗ ನಿನ್ನೆ ಮೆಸೇಜ್ ಹಾಕಿದ್ದ. ಡಾಕ್ಟರ್ ಡೋಸ್ ಇಳಿಸಿದ್ದಾರಂತೆ. ಮಂಡಿಯ ಲೆಕ್ಕದ ಪುಸ್ತಕದ ಒಂದು ಹಾಳೆ ಫೋಟೋ ತೆಗೆದು ಕಳಿಸಿ, "ಅಕ್ಕ, ಮೂರು ತಿಂಗಳು ಬಿಟ್ಟು ಇನ್ನೊಂದು ಕಳಿಸ್ತೀನಿ, ಅಕ್ಷರ ಹೋಲಿಸಿ ನೋಡಿ" ಅಂತ ಬರೆದಿದ್ದಾನೆ. ಇಟ್ಟುಕೊಂಡಿದ್ದೀನಿ.

ಮುಂದಿನ ಸಲ ಕ್ಲೋಜಪಿನ್ ಮಾತ್ರೆ ಮತ್ತು ಅದರ ರಕ್ತ ಪರೀಕ್ಷೆಯ ಬಗ್ಗೆ. ಎಲ್ಲರೂ ಚೆನ್ನಾಗಿರಿ.